ಪದ ಪರಿಚಯ: ಸುಪ್ತ ಪೂರ್ವಗ್ರಹ

ಪೂರ್ವಗ್ರಹವೆಂದರೆ ಮೊದಲೇ ಹಿಡಿದುಕೊಂಡದ್ದು, ಅಂದರೆ ವ್ಯಕ್ತಿಯನ್ನು ಅರಿಯುವ ಮುನ್ನವೇ ಮನಸ್ಸು ಅವರ ಬಗ್ಗೆ ಕಟ್ಟಿಕೊಂಡ ಅಭಿಪ್ರಾಯ. ‘ಆ ಕಾಲೇಜಿನವರು ನಮಗೆ ಬೇಡ’ ಎಂದು ಸಂದರ್ಶಕರೊಬ್ಬರು ಬಾಯಿಬಿಟ್ಟು ಹೇಳಿದರೆ ಅದು ಬರಿಯ ಪೂರ್ವಗ್ರಹ, ಅದನ್ನು ಪ್ರಶ್ನಿಸಬಹುದು. ಸುಪ್ತ ಪೂರ್ವಗ್ರಹ ಹಾಗೆ ಎದುರಿಗೆ ಬರುವುದಿಲ್ಲ. ಅದು ಬೇರೊಂದು ಗುಣದ ಹೆಸರಿನಲ್ಲಿ ಅಂಕಪಟ್ಟಿಯೊಳಗೆ ಸೇರಿಕೊಳ್ಳುತ್ತದೆ, ಸಂದರ್ಶಕರಿಗೆ ತಾವು ನ್ಯಾಯವಾಗಿಯೇ ಅಳೆದಿದ್ದೇವೆ ಎಂಬ ನಂಬಿಕೆಯೂ ಉಳಿದಿರುತ್ತದೆ.

ಇದು ಹೇಗೆ ನಡೆಯುತ್ತದೆಂಬುದು ಉಚ್ಚಾರಣೆಯ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. ಶಿರಿ ಲೆವ್-ಆರಿ ಮತ್ತು ಬೋವಜ್ ಕೈಸರ್ ಎಂಬ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ‘ಒಂಟೆಗಿಂತ ಜಿರಾಫೆ ಹೆಚ್ಚು ಕಾಲ ನೀರಿಲ್ಲದೆ ಇರಬಲ್ಲದು’ ಎಂಬಂಥ ಸಾಮಾನ್ಯ ಜ್ಞಾನದ ವಾಕ್ಯಗಳನ್ನು ಬೇರೆ ಬೇರೆ ಉಚ್ಚಾರಣೆಯವರಿಂದ ಓದಿಸಿ, ಅವು ಎಷ್ಟು ನಿಜವೆನಿಸುತ್ತವೆ ಎಂದು ಕೇಳುಗರನ್ನು ಕೇಳಲಾಯಿತು. ಓದುವವರು ಬೇರೆಯವರು ಬರೆದುಕೊಟ್ಟದ್ದನ್ನು ಒಪ್ಪಿಸುತ್ತಿದ್ದಾರಷ್ಟೆ ಎಂದು ತಿಳಿಸಿದ್ದರೂ, ಇಂಗ್ಲಿಷ್ ಮಾತೃಭಾಷೆಯಲ್ಲದವರ ಬಾಯಲ್ಲಿ ಬಂದ ಮಾತು ಕಡಿಮೆ ನಿಜವೆನಿಸಿತು. ಕಿವಿಗೆ ಆದ ಶ್ರಮವನ್ನು ಮನಸ್ಸು ಮಾತಿನ ಸತ್ಯಾಸತ್ಯತೆಯ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ ಎಂಬುದು ಅವರು ಕೊಟ್ಟ ವಿವರಣೆ. ಈ ಪರಿಣಾಮದ ಬಗ್ಗೆ ಮುಂಚೆಯೇ ಎಚ್ಚರಿಸಿದಾಗ, ಉಚ್ಚಾರಣೆಯ ವ್ಯತ್ಯಾಸ ಸ್ವಲ್ಪವೇ ಇದ್ದಲ್ಲಿ ಕೇಳುಗರು ತಿದ್ದಿಕೊಂಡರು. ಹೆಚ್ಚಿದ್ದಲ್ಲಿ ಎಚ್ಚರಿಕೆಯೂ ಫಲ ಕೊಡಲಿಲ್ಲ. ಆದ್ದರಿಂದಲೇ ‘ನಾನು ಎಚ್ಚರದಿಂದಿರುತ್ತೇನೆ’ ಎಂಬ ಸಂಕಲ್ಪವೊಂದನ್ನೇ ನಂಬಿಕೊಂಡು ಸಂದರ್ಶನಕ್ಕೆ ಕೂರುವುದು ಸಾಲದು ಎನ್ನುತ್ತೇನೆ.

ಇದನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸಂದರ್ಶನ ನಡೆಸುತ್ತಿದ್ದಾಗ, ಹಾವೇರಿ ಕಡೆಯ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಯುವತಿಯೊಬ್ಬರು ನಮ್ಮೆದುರು ಕುಳಿತಿದ್ದರು. ಅವರ ಕಾಲೇಜಿನ ಹೆಸರನ್ನು ನಾನು ಕೇಳಿರಲಿಲ್ಲ. ‘2 ಸೆಕೆಂಡಿನಲ್ಲಿ ಬರುತ್ತಿದ್ದ ವರದಿಗೆ ಈಗ 40 ಸೆಕೆಂಡು ಬೇಕಾಗುತ್ತಿದೆ, ಕಾರಣವನ್ನು ಹೇಗೆ ಹುಡುಕುತ್ತೀರಿ?’ ಎಂಬುದು ಪ್ರಶ್ನೆ. ಈಚೆಗೆ ಏನು ಬದಲಾಗಿದೆ ಎಂದು ಮೊದಲು ಕೇಳುತ್ತೇನೆ, ಆಮೇಲೆ ಡೇಟಾಬೇಸ್ ಮಾಹಿತಿಯನ್ನು ಯಾವ ಹಂತಗಳಲ್ಲಿ ಹುಡುಕುತ್ತದೆಂದು ತೋರಿಸುವ ‘ಯೆಕ್ಸಿಕ್ಯೂಷನ್ ಪ್ಲಾನ್’ ನೋಡುತ್ತೇನೆ, ಹುಡುಕಾಟವನ್ನು ಚುರುಕುಗೊಳಿಸುವ ಇಂಡೆಕ್ಸ್ ಬಳಕೆಯಾಗುತ್ತಿದೆಯೇ, ಟೇಬಲ್ಲನ್ನು ಬೇರೆ ಯಾವುದಾದರೂ ಕೆಲಸ ಲಾಕ್ ಮಾಡಿದೆಯೇ ಎಂದು ಪರೀಕ್ಷಿಸುತ್ತೇನೆ ಎಂದು ಅವರು ತಡೆದು ತಡೆದು ಹೇಳಿದರು. ನಾನು 5ಕ್ಕೆ 2 ಅಂಕ ಕೊಟ್ಟು, ‘ಆತ್ಮವಿಶ್ವಾಸ ಸಾಲದು, ವಿಷಯ ಮೇಲುಮೇಲಕ್ಕೆ ಗೊತ್ತು’ ಎಂದು ಬರೆದೆ. ಅವರ ನಂತರ ಬಂದವರು ಸರಾಗವಾದ ಇಂಗ್ಲಿಷಿನಲ್ಲಿ ‘ಇಂಡೆಕ್ಸ್ ಸೇರಿಸುತ್ತೇನೆ’ ಎಂದಷ್ಟೇ ಹೇಳಿದ್ದಕ್ಕೆ 4 ಅಂಕ ಕೊಟ್ಟಿದ್ದೆ.

ನನ್ನ ಸಹೋದ್ಯೋಗಿ ಇಬ್ಬರ ಉತ್ತರಗಳನ್ನೂ ಮಾತಿಗೆ ಮಾತು ಬರೆದುಕೊಂಡಿದ್ದರು. ಆ ಹಾಳೆಯನ್ನು ಓದಿದಾಗ ಉಚ್ಚಾರಣೆ ಅಲ್ಲಿರಲಿಲ್ಲ, ಉತ್ತರ ಮಾತ್ರ ಇತ್ತು. ಕಾರಣವನ್ನು ಹುಡುಕಿದವರು ಮೊದಲನೆಯವರು. ಎರಡನೆಯವರು ಕಾರಣ ತಿಳಿಯುವ ಮೊದಲೇ ಪರಿಹಾರಕ್ಕೆ ಹಾರಿದ್ದರು. ಕಿವಿಯ ಮೇಲೆ ಬಿದ್ದ ಒಂದು ‘ಯೆ’ಕಾರವನ್ನು ನಾನು ಜ್ಞಾನದ ಕೊರತೆಯೆಂದು ಓದಿದ್ದೆನೆಂಬುದು ಈಗಲೂ ನನ್ನನ್ನು ಕಾಡುತ್ತದೆ.

ಇಂಥದ್ದನ್ನು ಗುರುತಿಸಲು ಎರಡು ಸುಳಿವುಗಳು ಸಾಕು. ‘ಚುರುಕಿಲ್ಲ’, ‘ಪಾಲಿಶ್ ಇಲ್ಲ’, ‘ನಮ್ಮ ತಂಡಕ್ಕೆ ಹೊಂದುವುದಿಲ್ಲ’ ಎಂಬಂಥ ಮಾತಿನ ಪಕ್ಕದಲ್ಲಿ ಅಭ್ಯರ್ಥಿ ಆಡಿದ ಒಂದಾದರೂ ವಾಕ್ಯವನ್ನು ಆಧಾರವಾಗಿ ಬರೆಯಲಾಗದಿದ್ದರೆ ಆ ಅಭಿಪ್ರಾಯ ಉತ್ತರದಿಂದ ಹುಟ್ಟಿದ್ದಲ್ಲ. ಎರಡನೆಯದು, ಸಂಬಂಧವಿಲ್ಲದ ಕಾಲಮ್ಮುಗಳ ಅಂಕಗಳೆಲ್ಲ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ, ಸೈನ್ಯದ ಅಧಿಕಾರಿಗಳಿಗೆ ದೈಹಿಕ ಲಕ್ಷಣ, ಬುದ್ಧಿ, ನಾಯಕತ್ವ, ಶೀಲ ಎಂದು ಬೇರೆ ಬೇರೆಯಾಗಿ ಕೊಟ್ಟ ಅಂಕಗಳು ಅಸಹಜವೆನಿಸುವಷ್ಟು ಒಂದನ್ನೊಂದು ಹೋಲುತ್ತಿದ್ದುದನ್ನು ತೋರಿಸಿದ್ದರು. ಇಸ್ತ್ರಿ ಮಾಡಿದ ಶರ್ಟು, ಹೆಸರಾಂತ ಕಾಲೇಜು ಇವೂ ಇದೇ ದಾರಿಯಲ್ಲಿ ಕೆಲಸ ಮಾಡುತ್ತವೆ.

ಆ ಘಟನೆಯ ನಂತರ ನಮ್ಮ ತಂಡ ಕ್ರಮವನ್ನೇ ಬದಲಿಸಿತು. ಎಲ್ಲರಿಗೂ ಅವೇ ಪ್ರಶ್ನೆಗಳು. ಪ್ರತಿ ಪ್ರಶ್ನೆಗೆ 1, 3 ಮತ್ತು 5 ಅಂಕದ ಉತ್ತರ ಹೇಗಿರುತ್ತದೆಂದು ಸಂದರ್ಶನಕ್ಕೆ ಮೊದಲೇ ಬರೆದಿಡುವುದು. ಉತ್ತರವನ್ನು ಅವರದೇ ಮಾತಿನಲ್ಲಿ ದಾಖಲಿಸಿ ಆಮೇಲೆ ಅಂಕ ಕೊಡುವುದು. ಎಲ್ಲರೂ ಅಂಕ ಬರೆದು ಮುಗಿಸುವವರೆಗೆ ಪರಸ್ಪರ ಚರ್ಚಿಸದಿರುವುದು, ಏಕೆಂದರೆ ಹಿರಿಯರು ‘ಯಾಕೋ ಸರಿಹೋಗಲಿಲ್ಲ’ ಎಂದರೆ ಕಿರಿಯರ ಪೆನ್ನು ಅತ್ತಲೇ ವಾಲುತ್ತದೆ. ಗ್ರಾಹಕರೊಡನೆ ಫೋನಿನಲ್ಲಿ ಮಾತನಾಡುವ ಕೆಲಸವಾಗಿದ್ದರೆ ಮಾತಿನ ಸ್ಪಷ್ಟತೆಯನ್ನು ಅಳೆಯಲೇಬೇಕು. ಆದರೆ ಅದಕ್ಕೆ ಪ್ರತ್ಯೇಕ ಕಾಲಮ್ಮಿರಬೇಕು, ಅಲ್ಲಿ ಕೇಳಬೇಕಾದ ಪ್ರಶ್ನೆ ‘ಅರ್ಥವಾಯಿತೇ?’ ಎಂಬುದೇ ಹೊರತು ‘ನಮ್ಮ ಹಾಗೆ ಮಾತನಾಡಿದರೇ?’ ಎಂಬುದಲ್ಲ.

ಈ ಕ್ರಮಕ್ಕೂ ಮಿತಿಯಿದೆ. ಕಾಲೇಜಿನ ಹೆಸರು ನೋಡಿ ಅರ್ಜಿಯನ್ನೇ ಬದಿಗಿಟ್ಟಿದ್ದರೆ ಆ ಅಭ್ಯರ್ಥಿ ಸಂದರ್ಶನದ ಕೋಣೆಯವರೆಗೆ ಬರುವುದೇ ಇಲ್ಲ. ಅದಕ್ಕೆಂದು ನಾವೀಗ ಅರ್ಜಿಗಳನ್ನು ಸೋಸುವವರ ಕೈಗೆ ಕಾಲೇಜಿನ ಸಾಲನ್ನು ಮುಚ್ಚಿದ ಪ್ರತಿಯನ್ನೇ ಕೊಡುತ್ತೇವೆ.