ಟಾರ್ಕ್ ಸಾಕಷ್ಟಿದೆ, ಆದರೂ ಟೇಬಲ್ ನಡುಗುವುದೇಕೆ?

300 ಮಿ.ಮೀ. ವ್ಯಾಸ, 20 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಟ್ಟೆಯ ಟೇಬಲ್ಲೊಂದನ್ನು ಸರ್ವೊ ಮೋಟರ್ ಕಾಲು ಸೆಕೆಂಡಿನಲ್ಲಿ 90 ಡಿಗ್ರಿ ತಿರುಗಿಸಿ ನಿಲ್ಲಿಸಬೇಕು. ತಟ್ಟೆಯ ತೂಕ ಸುಮಾರು 3.8 ಕೆ.ಜಿ., ಅಕ್ಷದ ಸುತ್ತ ಅದರ ಜಡತ್ವ 429 ಕೆ.ಜಿ.-ಸೆಂ.ಮೀ². 400 ವ್ಯಾಟ್‌ನ ಚಿಕ್ಕ ಮೋಟರಿನ ರೋಟರ್ ಜಡತ್ವ 0.26 ಎಂದುಕೊಳ್ಳಿ. ನೇರವಾಗಿ ಜೋಡಿಸಿದರೆ ಹೊರೆ ರೋಟರಿಗಿಂತ 1650 ಪಟ್ಟು ಭಾರಿ. ಅದಕ್ಕೇ ನಡುವೆ ಗೇರ್‌ಬಾಕ್ಸ್ ಬೇಕು.

ಗೇರ್ ಅನುಪಾತ N ಆಗಿದ್ದರೆ ಟೇಬಲ್ಲಿನ ವೇಗೋತ್ಕರ್ಷ ಮೋಟರಿನದರ N ಭಾಗದಲ್ಲಿ ಒಂದು ಭಾಗವಷ್ಟೇ. ಅಲ್ಲಿಗೆ ಬೇಕಾದ ಟಾರ್ಕ್ ಗೇರ್ ದಾಟಿ ಮೋಟರಿಗೆ ಬರುವಾಗ ಮತ್ತೊಮ್ಮೆ N ಪಾಲು ಕುಗ್ಗುತ್ತದೆ. ಹೀಗೆ ಎರಡು ಸಲ ಭಾಗವಾಗುವುದರಿಂದಲೇ ಸೂತ್ರದಲ್ಲಿ ವರ್ಗ ಬರುವುದು:

```
J_reflected = J_load / N²
ratio = J_reflected / J_motor
```

10:1 ಗೇರಿನಲ್ಲಿ ಮೋಟರಿಗೆ ಕಾಣುವ ಪ್ರತಿಫಲಿತ ಜಡತ್ವ 4.29, ಅಂದರೆ ರೋಟರಿನ 16.5 ಪಟ್ಟು. 20:1 ಹಾಕಿದರೆ 1.07, ಸುಮಾರು 4 ಪಟ್ಟು. 40:1 ಕ್ಕೆ ಎರಡೂ ಹೆಚ್ಚುಕಡಿಮೆ ಸಮ. ಗೇರ್‌ಬಾಕ್ಸಿಗೂ ತನ್ನದೇ ಜಡತ್ವ ಉಂಟು. ಕ್ಯಾಟಲಾಗಿನಲ್ಲಿ ಅದನ್ನು ಸಾಮಾನ್ಯವಾಗಿ ಇನ್‌ಪುಟ್ ಕಡೆಗೆ ಲೆಕ್ಕ ಹಾಕಿ ಕೊಟ್ಟಿರುತ್ತಾರೆ, ಅದನ್ನು N² ನಿಂದ ಮತ್ತೆ ಭಾಗಿಸಬಾರದು. ಇಲ್ಲಿ ಅದನ್ನು ಬದಿಗಿಟ್ಟಿದ್ದೇನೆ.

ಈಗ ಟಾರ್ಕ್ ನೋಡಿ. ಅರ್ಧ ಸಮಯ ವೇಗ ಏರಿಸಿ, ಉಳಿದರ್ಧ ಇಳಿಸಿದರೆ ಟೇಬಲ್ಲಿನ ಗರಿಷ್ಠ ವೇಗ 120 ಆರ್‌ಪಿಎಂ. ಘರ್ಷಣೆ ಬಿಟ್ಟರೆ ಮೋಟರ್ ಕೊಡಬೇಕಾದದ್ದು 10:1 ರಲ್ಲಿ 0.46, 20:1 ರಲ್ಲಿ 0.27, 40:1 ರಲ್ಲಿ 0.21 ನ್ಯೂಟನ್-ಮೀಟರ್. ಈ ಮೋಟರಿನ ರೇಟೆಡ್ ಟಾರ್ಕೇ 1.27. ಟಾರ್ಕ್ ಒಂದನ್ನೇ ನೋಡುವವರು 10:1 ಆರಿಸಿ ಮುಗಿಸುತ್ತಾರೆ. ಮೆಷಿನ್ ಓಡುತ್ತದೆ ಕೂಡ. ಆದರೆ ನಿಂತಲ್ಲೇ ಗುಂಯ್ ಎನ್ನುತ್ತದೆ. ಡ್ರೈವ್ ತಪ್ಪನ್ನು ತಿದ್ದುವ ಬಿರುಸನ್ನು, ಅಂದರೆ ಗೇನ್ ಇಳಿಸಿದರೆ ಸದ್ದು ಅಡಗುತ್ತದೆ, ಆಗ ಟೇಬಲ್ ಗುರಿ ದಾಟಿ ಹೋಗಿ, ತೂಗಾಡಿ, ತಡವಾಗಿ ನೆಲೆಗೊಳ್ಳುತ್ತದೆ.

ಕಾರಣ ಹಲ್ಲುಗಳ ನಡುವಿನ ಸಡಿಲ, ಬ್ಯಾಕ್‌ಲ್ಯಾಶ್. ಔಟ್‌ಪುಟ್‌ನಲ್ಲಿ 5 ಆರ್ಕ್‌ಮಿನಿಟ್ ಸಡಿಲವಿದ್ದರೆ 10:1 ರಲ್ಲಿ ಮೋಟರ್ ಕಡೆ ಅದು 50 ಆರ್ಕ್‌ಮಿನಿಟ್. 17 ಬಿಟ್ ಎನ್‌ಕೋಡರಿನಲ್ಲಿ ಸುಮಾರು 300 ಕೌಂಟ್. ಅಷ್ಟು ದೂರ ರೋಟರ್ ಹೊರೆಯನ್ನು ಮುಟ್ಟದೆ ಒಬ್ಬಂಟಿಯಾಗಿ ಓಡಾಡುತ್ತದೆ. ಡ್ರೈವ್ ಮಾತ್ರ 17.5 ಪಾಲು (ರೋಟರಿನ 1, ಹೊರೆಯ 16.5) ಜಡತ್ವವನ್ನು ತಳ್ಳಬೇಕೆಂದು ಟ್ಯೂನ್ ಆಗಿರುತ್ತದೆ. ಸಡಿಲದೊಳಗೆ ಅದೇ ತಳ್ಳು ಬರೀ ರೋಟರಿನ ಮೇಲೆ ಬಿದ್ದಾಗ ಅದು ಅತ್ತಿಂದಿತ್ತ ಹಲ್ಲಿಗೆ ಬಡಿಯುತ್ತಾ ಇರುತ್ತದೆ. ಕೇಳಿಸುವ ಗುಂಯ್ ಅದೇ. 20:1 ರಲ್ಲಿ ಈ ಹೆಚ್ಚುವರಿ ಸುಮಾರು 5 ಪಟ್ಟಿಗೆ ಇಳಿಯುತ್ತದೆ. ಶಾಫ್ಟ್ ಮತ್ತು ಕಪ್ಲಿಂಗ್ ತಿರುಚಿಕೊಳ್ಳುವುದರಿಂದಲೂ ಇಂಥದ್ದೇ ಫಜೀತಿ.

ಹಾಗಾದರೆ ಜಡತ್ವದ ಅನುಪಾತ 1:1 ಸಿಗುವ 40 ರ ಗೇರಿಗೇ ಹೋಗಬಾರದೇಕೆ? ಟಾರ್ಕ್ ಅತಿ ಕಡಿಮೆ ಬೇಕಾಗುವುದು ಅಲ್ಲೇ, ನಿಜ. ಆದರೆ ಆ ತಗ್ಗು ಬಹಳ ಚಪ್ಪಟೆ: 20 ರಿಂದ 40 ಕ್ಕೆ ಹೋದರೆ ಉಳಿಯುವುದು 0.06 ನ್ಯೂಟನ್-ಮೀಟರ್, ಮೋಟರ್ ವೇಗ ಮಾತ್ರ 2400 ರಿಂದ 4800 ಆರ್‌ಪಿಎಂಗೆ ಏರುತ್ತದೆ. ನನ್ನ ಪ್ರಕಾರ ಇಲ್ಲಿ 20 ಸಾಕು. ಜಡತ್ವದ ಅನುಪಾತ ಚುರುಕಾಗಿ ನಿಲ್ಲಿಸುವ ಕೆಲಸಕ್ಕೆ 5 ರ ಆಸುಪಾಸು, ಸಾಧಾರಣ ಕೆಲಸಕ್ಕೆ 10 ರವರೆಗೆ ಎಂಬುದು ಅಂದಾಜಿನ ಅಳತೆ, ಶಾಸನವಲ್ಲ. ಗಟ್ಟಿಮುಟ್ಟಾದ, ಸಡಿಲವಿಲ್ಲದ ಜೋಡಣೆಯಲ್ಲಿ ಇನ್ನೂ ಹೆಚ್ಚಿನ ಅನುಪಾತವೂ ನಡೆಯುತ್ತದೆ.

ಲೆಕ್ಕ ಹೆಚ್ಚಾಗಿ ತಪ್ಪುವುದು ಟೇಬಲ್ಲಿನ ಮೇಲೆ ಕೆಲಸದ ತುಂಡನ್ನು ಹಿಡಿಯುವ ಫಿಕ್ಸ್ಚರ್‌ಗಳಲ್ಲಿ. ತಲಾ 1.5 ಕೆ.ಜಿ.ಯ ನಾಲ್ಕನ್ನು ನಡುವಿನಿಂದ 120 ಮಿ.ಮೀ. ದೂರದಲ್ಲಿ ಕೂರಿಸಿದರೆ ಅವುಗಳದ್ದೇ 864 ಕೆ.ಜಿ.-ಸೆಂ.ಮೀ² ಆಗುತ್ತದೆ, ತಟ್ಟೆಯ ಎರಡು ಪಟ್ಟು! 20:1 ರಲ್ಲಿ 4 ಇದ್ದ ಅನುಪಾತ 12.4 ಕ್ಕೆ ಹಾರುತ್ತದೆ. ಆಟೋ ಟ್ಯೂನಿಂಗ್ ಮಾಡಿದಾಗ ಡ್ರೈವ್ ತೋರಿಸುವ ಅಂಕಿ ನಿಮ್ಮ ಲೆಕ್ಕಕ್ಕಿಂತ ಬಹಳ ಹೆಚ್ಚಿದ್ದರೆ ಇಂಥದ್ದೇನೋ ಬಿಟ್ಟುಹೋಗಿದೆ ಎಂದರ್ಥ. ಪ್ರತಿ ಸಲವೂ ಅಂಕಿ ಬದಲಾಗುತ್ತಿದ್ದರೆ ಕಪ್ಲಿಂಗ್ ಬೋಲ್ಟನ್ನೂ ಗೇರ್ ಸಡಿಲವನ್ನೂ ಮೊದಲು ನೋಡಬೇಕು.

ಫಿಕ್ಸ್ಚರ್ ಸಮೇತ ಓಡಿಸಲು ದಾರಿ ಎರಡು. 30:1 ಹಾಕಿದರೆ ಅನುಪಾತ 5.5, ಮೋಟರ್ ವೇಗ 3600 ಆರ್‌ಪಿಎಂ. ಮೋಟರೂ ಗೇರ್‌ಬಾಕ್ಸಿನ ಇನ್‌ಪುಟ್ಟೂ ಅದನ್ನು ತಾಳಬೇಕು. ಇಲ್ಲವೇ 20:1 ನ್ನೇ ಉಳಿಸಿಕೊಂಡು, ರೋಟರ್ ಜಡತ್ವ 0.7 ಇರುವ ಹೆಚ್ಚು ಜಡತ್ವದ ಮೋಟರ್ ಹಾಕಬಹುದು. ಅನುಪಾತ 4.6 ಕ್ಕೆ ಇಳಿಯುತ್ತದೆ, ಟಾರ್ಕ್ 0.70 ರಿಂದ 0.79 ಕ್ಕೆ ಏರುತ್ತದೆ. ಆ 0.09 ಹೋಗುವುದು ಭಾರವಾದ ರೋಟರನ್ನೇ ತಿರುಗಿಸಲು.