ಉದ್ದಿಮೆ ಬಿಟ್ಟು ಇಲಾಖೆ ಸೇರುವವರ ಪಿಂಚಣಿ ಲೆಕ್ಕ

ಕೇಂದ್ರ ಸರ್ಕಾರದ ಸಾರ್ವಜನಿಕ ಉದ್ದಿಮೆಯಿಂದ ಇಲಾಖೆಗೆ ನಿಯೋಜನೆಯ ಮೇಲೆ ಬಂದು ಅಲ್ಲೇ ಕಾಯಂ ವಿಲೀನವಾಗುವವರು ನನ್ನ ಬಳಿ ತಂದಿಡುವ ಮೊದಲ ಕಾಗದ ವೇತನ ಸಂರಕ್ಷಣೆಯ ಆದೇಶ. ಹಳೆಯ ಸಂಬಳವನ್ನು ಒಪ್ಪಿಕೊಂಡ ಇಲಾಖೆ ಹಳೆಯ ಸೇವೆಯನ್ನೂ ಒಪ್ಪಿದೆ ಎಂದು ಅವರು ನಂಬಿರುತ್ತಾರೆ. ಆದರೆ ಆ ಆದೇಶದಿಂದ ಹಳೆಯ ಸೇವೆ ಪಿಂಚಣಿಗೆ ಎಣಿಕೆಯಾಗುವುದಿಲ್ಲ.

ಈ ನಂಬಿಕೆಗೆ ಆಧಾರವಾಗಿ ಹಲವರು ತೋರಿಸುವುದು 1984ರ ಆಗಸ್ಟ್ 29ರ ಕಚೇರಿ ಜ್ಞಾಪನ. ಭವಿಷ್ಯ ನಿಧಿ ಇರುವ ಸಂಸ್ಥೆಯಿಂದ ಬಂದವರು ಮಾಲೀಕರ ವಂತಿಗೆಯನ್ನು ಬಡ್ಡಿಸಹಿತ ಬಿಟ್ಟುಕೊಟ್ಟರೆ ಹಿಂದಿನ ಸೇವೆಯನ್ನು ಪಿಂಚಣಿಗೆ ಎಣಿಸುವ ಅವಕಾಶ ಅದರಲ್ಲಿದೆ. ಆದರೆ ಅದು ಸ್ವಾಯತ್ತ ಸಂಸ್ಥೆಗಳಿಗೆ. ಸಾರ್ವಜನಿಕ ಉದ್ದಿಮೆಗಳು ಆ ವ್ಯಾಖ್ಯೆಯಲ್ಲಿ ಸೇರುವುದಿಲ್ಲವೆಂದು ಜ್ಞಾಪನವೇ ಹೇಳುತ್ತದೆ. ಆ ಒಂದು ಸಾಲನ್ನು ಓದದೆ ವರ್ಷಗಟ್ಟಲೆ ಅರ್ಜಿ ಬರೆದವರನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗಿದೆ.

ಒಂದು ಲೆಕ್ಕ ನೋಡೋಣ. ಹನ್ನೆರಡು ವರ್ಷ ಉದ್ದಿಮೆಯಲ್ಲಿ ದುಡಿದ ಎಂಜಿನಿಯರ್ ಒಬ್ಬರು 36ನೇ ವಯಸ್ಸಿಗೆ ಇಲಾಖೆ ಸೇರಿ 60ಕ್ಕೆ ನಿವೃತ್ತರಾಗುತ್ತಾರೆ ಎನ್ನಿ. 2004ರ ನಂತರ ಸೇರುವವರಿಗೆ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್ ಎಂಬ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ ಇದೆ. ಅದರೊಳಗೆ ಯುಪಿಎಸ್ ಎಂಬ ಏಕೀಕೃತ ಪಿಂಚಣಿ ಯೋಜನೆಯನ್ನು ಆಯ್ದುಕೊಳ್ಳಬಹುದು. ಯುಪಿಎಸ್‌ನಲ್ಲಿ 25 ವರ್ಷ ಸೇವೆ ಮುಗಿಸಿದವರಿಗೆ ಕೊನೆಯ ಹನ್ನೆರಡು ತಿಂಗಳ ಸರಾಸರಿ ಮೂಲ ವೇತನದ ಅರ್ಧ ಸಿಗುತ್ತದೆ. ಕಡಿಮೆಯಾದರೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಇವರ ಇಲಾಖೆಯ ಸೇವೆ 24 ವರ್ಷ, ಆದ್ದರಿಂದ ಬರುವುದು ಶೇ 48. ಸೇವೆ ಹತ್ತು ವರ್ಷಕ್ಕಿಂತ ಕಡಿಮೆ ಉಳಿದಿರುವಾಗ ವಿಲೀನವಾಗುವವರಿಗೆ ಈ ಖಾತರಿ ಪಿಂಚಣಿಯೇ ದಕ್ಕದು. ತಡವಾಗಿ ಬರುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಇದನ್ನು.

ಉದ್ದಿಮೆಯ ಹನ್ನೆರಡು ವರ್ಷಕ್ಕೆ ಉಳಿಯುವುದು ಭವಿಷ್ಯ ನಿಧಿ, ಉಪದಾನ, ಮತ್ತು ಸದಸ್ಯರಾಗಿದ್ದರೆ 1995ರ ನೌಕರರ ಪಿಂಚಣಿ ಯೋಜನೆ. 'ಆಗಿದ್ದರೆ' ಎಂಬುದನ್ನು ಒತ್ತಿ ಹೇಳುತ್ತೇನೆ. 2014ರ ಸೆಪ್ಟೆಂಬರ್ ನಂತರ 15,000 ರೂಪಾಯಿಗಿಂತ ಹೆಚ್ಚಿನ ವೇತನದಲ್ಲಿ ಮೊದಲ ಬಾರಿ ಕೆಲಸಕ್ಕೆ ಸೇರಿದವರು ಈ ಯೋಜನೆಯಲ್ಲಿ ಇರುವುದಿಲ್ಲ. ಪಾಸ್‌ಬುಕ್ಕಿನ ಪಿಂಚಣಿ ವಂತಿಗೆಯ ಅಂಕಣ ಖಾಲಿಯಿದ್ದರೆ ನೀವು ಹೊರಗಿದ್ದೀರಿ ಎಂದರ್ಥ. ಸದಸ್ಯರಿಗೆ ಸೂತ್ರ ಸರಳ: ವೇತನವನ್ನು ಸೇವಾ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಹೆಚ್ಚಿನ ವೇತನದ ಆಯ್ಕೆ ಮಾಡಿರದಿದ್ದರೆ 15,000ದ ಮಿತಿಯಲ್ಲಿ ಹನ್ನೆರಡು ವರ್ಷಕ್ಕೆ 58ನೇ ವಯಸ್ಸಿನಿಂದ ತಿಂಗಳಿಗೆ ಹೆಚ್ಚೆಂದರೆ 2,571 ರೂಪಾಯಿ. ಮೊತ್ತ ಚಿಕ್ಕದು, ಆದರೂ ಬಿಡಬೇಡಿ.

ಈ ಪಿಂಚಣಿಗೂ ಹತ್ತು ವರ್ಷದ ಸೇವೆ ಬೇಕು. ಒಂಬತ್ತು ವರ್ಷ ಎರಡು ತಿಂಗಳಾದವರು ಸೇರುವ ದಿನಾಂಕವನ್ನು ಮುಂದೂಡಲು ಇಲಾಖೆಗೆ ಬರೆದು ನೋಡುವುದು ಒಳಿತು. ಉದ್ದಿಮೆಯಲ್ಲೇ ಎನ್‌ಪಿಎಸ್ ಇದ್ದವರು ಹೊಸ ಪ್ರಾನ್ ಸಂಖ್ಯೆ ಪಡೆಯದೆ ಹಳೆಯದನ್ನೇ ಐಎಸ್‌ಎಸ್-1 ನಮೂನೆಯ ಮೂಲಕ ಸರ್ಕಾರಿ ವಲಯಕ್ಕೆ ವರ್ಗಾಯಿಸಿಕೊಳ್ಳಬೇಕು. ಹಿಂದಿನ ಸೇವೆ ಎಣಿಕೆಯಾಗುತ್ತದೆಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ, ಯಾವ ನಿಯಮದಡಿ ಎಂಬುದನ್ನು ವಿಲೀನಕ್ಕೆ ಒಪ್ಪಿಗೆ ಕೊಡುವ ಮೊದಲೇ ಇಲಾಖೆಯಿಂದ ಲಿಖಿತವಾಗಿ ಕೇಳಿ ಪಡೆಯಿರಿ.