ಗರ್ಭನಿರೋಧಕ ಪ್ರಶ್ನೆಗಳು: ವೈಫಲ್ಯದ ಅಂಕಿ ಮೊದಲು, ಮಹಿಳೆಯ ವಿವರ ಆಮೇಲೆ

ಈ ಪಾಠದಲ್ಲಿ ಎರಡು ಬಗೆಯ ಪ್ರಶ್ನೆ ಬರುತ್ತವೆ. ಒಂದು, ಯಾವ ವಿಧಾನ ಹೆಚ್ಚು ಪರಿಣಾಮಕಾರಿ? ಇನ್ನೊಂದು, ಈ ಮಹಿಳೆಗೆ ಯಾವುದು ಸರಿ? ಮೊದಲನೆಯದಕ್ಕೆ ಪರ್ಲ್ ಇಂಡೆಕ್ಸ್ ಗೊತ್ತಿರಬೇಕು. 100 ಮಹಿಳೆಯರು ಒಂದು ವರ್ಷ ಒಂದು ವಿಧಾನ ಬಳಸಿದರೆ ಎಷ್ಟು ಮಂದಿ ಗರ್ಭಿಣಿಯಾಗುತ್ತಾರೆ ಎಂಬುದೇ ಇದು. ಲೆಕ್ಕ ಹೀಗೆ:

ಗರ್ಭಧಾರಣೆಗಳು × 1200 ÷ ಬಳಸಿದ ಒಟ್ಟು ತಿಂಗಳು

100 ಮಹಿಳೆಯರು ತಲಾ 24 ತಿಂಗಳು ಬಳಸಿದರು, ಅಂದರೆ ಒಟ್ಟು 2400 ತಿಂಗಳು. 8 ಮಂದಿ ಗರ್ಭಿಣಿಯಾದರು. 8 × 1200 ÷ 2400 = 4. ಪ್ರಶ್ನೆಯಲ್ಲಿ ತಿಂಗಳ ಬದಲು ಋತುಚಕ್ರಗಳನ್ನು ಕೊಟ್ಟಿದ್ದರೆ 1200 ಅಲ್ಲ, 1300ರಿಂದ ಗುಣಿಸಬೇಕು. ಗರ್ಭಪಾತವಾಗಿದ್ದರೂ ಅದನ್ನು ವೈಫಲ್ಯ ಎಂದೇ ಎಣಿಸಬೇಕು.

ಈ ಸೂಚ್ಯಂಕಕ್ಕೆ ಒಂದು ದೊಡ್ಡ ಮಿತಿ ಇದೆ. ಸುಲಭವಾಗಿ ಗರ್ಭ ಧರಿಸುವವರು, ಮಾತ್ರೆ ಮರೆಯುವವರು ಮೊದಲ ತಿಂಗಳುಗಳಲ್ಲೇ ಗರ್ಭಿಣಿಯಾಗಿ ಗುಂಪಿನಿಂದ ಹೊರಗೆ ಹೋಗುತ್ತಾರೆ. ಉಳಿದವರಲ್ಲಿ ವೈಫಲ್ಯ ಕಡಿಮೆ. ಹಾಗಾಗಿ ಅಧ್ಯಯನ ಉದ್ದವಾದಷ್ಟೂ ಸೂಚ್ಯಂಕ ಇಳಿಯುತ್ತದೆ. 6 ತಿಂಗಳ ಅಧ್ಯಯನವನ್ನು 3 ವರ್ಷದ್ದಕ್ಕೆ ಹೋಲಿಸಿದರೆ ಸುಮ್ನೆ ಮೋಸ ಹೋಗುತ್ತೇವೆ. ಪ್ರತಿ ತಿಂಗಳ ವೈಫಲ್ಯವನ್ನು ಬೇರೆ ಬೇರೆಯಾಗಿ ನೋಡುವ ಲೈಫ್ ಟೇಬಲ್ ವಿಧಾನ ಉತ್ತಮ ಎನ್ನುವುದು ಇದಕ್ಕೇ.

ಇನ್ನು ಪುಸ್ತಕದ ಪಟ್ಟಿಯಲ್ಲಿ ಎರಡು ಕಾಲಂ ಇರುತ್ತವೆ: ತಪ್ಪಿಲ್ಲದ ಬಳಕೆ ಮತ್ತು ಸಾಮಾನ್ಯ ಬಳಕೆ. ಈಸ್ಟ್ರೋಜನ್, ಪ್ರೊಜೆಸ್ಟಿನ್ ಎರಡೂ ಇರುವ ಸಂಯುಕ್ತ ಮಾತ್ರೆಗೆ ಮೊದಲ ವರ್ಷದಲ್ಲಿ 0.3 ಮತ್ತು ಸುಮಾರು 7. ಪುರುಷರ ಕಾಂಡೋಮ್‌ಗೆ 2 ಮತ್ತು ಸುಮಾರು 13. ಕಾಪರ್ ಟಿ 380ಎಗೆ 0.6 ಮತ್ತು 0.8. ಅಂಕಿಗಳಿಗಿಂತ ಅವುಗಳ ನಡುವಿನ ಅಂತರವನ್ನು ನೋಡಿ. ಮಾತ್ರೆಯನ್ನು ದಿನವೂ ನೆನಪಿಟ್ಟು ನುಂಗಬೇಕು, ಅದಕ್ಕೇ ಅಂತರ ಜಾಸ್ತಿ. ಕಾಪರ್ ಟಿ ಒಮ್ಮೆ ಹಾಕಿದ ಮೇಲೆ ಬಳಸುವವರು ದಿನವೂ ಏನೂ ಮಾಡಬೇಕಿಲ್ಲ, ಅದಕ್ಕೇ ಅಂತರ ಬಹಳ ಕಡಿಮೆ. ಹಳೆಯ ಪುಸ್ತಕಗಳಲ್ಲಿ ಸಾಮಾನ್ಯ ಬಳಕೆಯ ಅಂಕಿ ಸ್ವಲ್ಪ ಬೇರೆ ಇರಬಹುದು, ಆದರೆ ಈ ಕ್ರಮ ಬದಲಾಗುವುದಿಲ್ಲ.

ಈಗ ಎರಡನೇ ಬಗೆಯ ಪ್ರಶ್ನೆ. 28 ವರ್ಷದ ಮಹಿಳೆ, ಎರಡನೇ ಹೆರಿಗೆಯಾಗಿ 8 ವಾರ, ಮಗುವಿಗೆ ಎದೆಹಾಲು ಕೊಡುತ್ತಿದ್ದಾಳೆ. ಗರ್ಭಕ್ಕೆ ಮುಂಚೆ ಮುಟ್ಟಿನಲ್ಲಿ ರಕ್ತಸ್ರಾವ ಜಾಸ್ತಿ ಇತ್ತು, ಈಗ ರಕ್ತಹೀನತೆ ಇದೆ. ಆಗಾಗ ಕಣ್ಣ ಮುಂದೆ ಅಂಕುಡೊಂಕು ಬೆಳಕು ಕಾಣಿಸಿ, ಆಮೇಲೆ ಅರ್ಧ ತಲೆನೋವು ಬರುತ್ತದೆ. 3 ವರ್ಷ ಮಗು ಬೇಡ.

ಆ ಬೆಳಕಿನ ವಿವರವನ್ನು ಸುಮ್ನೆ ಕೊಟ್ಟಿಲ್ಲ. ಅದು ಆರಾ ಇರುವ ಮೈಗ್ರೇನ್. ಈಸ್ಟ್ರೋಜನ್ ಸೇರಿದರೆ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅರ್ಹತಾ ಮಾನದಂಡದಲ್ಲಿ ಸಂಯುಕ್ತ ಮಾತ್ರೆಗೆ ಇದು ವರ್ಗ 4, ಅಂದರೆ ಕೊಡಲೇಬಾರದು. ವಯಸ್ಸು ಎಷ್ಟೇ ಇರಲಿ. ಎದೆಹಾಲು ಕೊಡುವವರಿಗೆ 6 ವಾರದಿಂದ 6 ತಿಂಗಳವರೆಗೆ ಅದೇ ಮಾತ್ರೆ ವರ್ಗ 3. ಹೀಗೆ ಎರಡು ಕಾರಣಕ್ಕೆ ಅದು ಹೊರಗೆ.

ಕಾಪರ್ ಟಿ? 4 ವಾರ ದಾಟಿದೆ, ಹಾಕಬಹುದು. ಇವಳಿಗೆ ಅದು ನಿಷಿದ್ಧವಲ್ಲ, ವರ್ಗ 2. ಆದರೆ ರಕ್ತಸ್ರಾವವನ್ನು ಹೆಚ್ಚಿಸಬಹುದು, ರಕ್ತಹೀನತೆ ಇರುವವಳಿಗೆ ಅದು ಮೊದಲ ಆಯ್ಕೆಯಲ್ಲ. ಪ್ರೊಜೆಸ್ಟಿನ್ ಮಾತ್ರ ಇರುವ ಡಿಎಂಪಿಎ ಚುಚ್ಚುಮದ್ದು ಎದೆಹಾಲಿಗೆ ತೊಂದರೆ ಮಾಡುವುದಿಲ್ಲ. ಆದರೆ 3 ತಿಂಗಳಿಗೊಮ್ಮೆ ಬರಬೇಕು, ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ತಿಂಗಳುಗಳು ತಡವಾಗಬಹುದು. ಲೆವೊನಾರ್ಜೆಸ್ಟ್ರೆಲ್ ಇರುವ ಗರ್ಭಾಶಯದ ಸಾಧನ ಇಲ್ಲಿ ಸರಿಯಾದ ಉತ್ತರ: ವೈಫಲ್ಯ 1ಕ್ಕಿಂತ ಕಡಿಮೆ, ಈಸ್ಟ್ರೋಜನ್ ಇಲ್ಲ, ಮುಟ್ಟಿನ ರಕ್ತವೂ ಇಳಿಯುತ್ತದೆ, ತೆಗೆದರೆ ಫಲವತ್ತತೆ ಬೇಗ ಮರಳುತ್ತದೆ. ಹಾಕುವ ಮುಂಚೆ ಗರ್ಭವಿಲ್ಲ, ಸೋಂಕಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಮೊದಲ ಕೆಲವು ತಿಂಗಳು ಆಗಾಗ ಹನಿ ರಕ್ತ ಕಾಣಬಹುದು ಎಂದು ಮೊದಲೇ ಹೇಳಬೇಕು. ಹೇಳದಿದ್ದರೆ ಗಾಬರಿಯಾಗಿ ತೆಗೆಸಿಬಿಡುತ್ತಾರೆ, ಅಲ್ವಾ?

ಇದೇ ಮಹಿಳೆ ಕ್ಷಯಕ್ಕೆ ರಿಫಾಂಪಿಸಿನ್ ತೆಗೆದುಕೊಳ್ಳುತ್ತಿದ್ದಾಳೆ ಎಂದು ಪ್ರಶ್ನೆ ತಿರುಗಬಹುದು. ಆ ಔಷಧಿಯಿಂದ ಯಕೃತ್ತು ಹಾರ್ಮೋನುಗಳನ್ನು ಬೇಗ ಒಡೆಯುತ್ತದೆ, ಹಾಗಾಗಿ ಪ್ರೊಜೆಸ್ಟಿನ್ ಮಾತ್ರೆಯನ್ನೂ ನಂಬುವಂತಿಲ್ಲ. ಗರ್ಭಾಶಯದ ಸಾಧನ ಅಲ್ಲೇ ಕೆಲಸ ಮಾಡುವುದರಿಂದ ಉಳಿಯುತ್ತದೆ. ಆದರೆ ಕ್ಷಯ ಶ್ವಾಸಕೋಶದ್ದೋ ಕಿಬ್ಬೊಟ್ಟೆಯ ಜನನಾಂಗದ್ದೋ ಎಂದು ಓದಿ ನೋಡಿ. ಎರಡನೆಯದಾದರೆ ಸಾಧನ ಹಾಕುವುದು ವರ್ಗ 4. ಆಗ ರಿಫಾಂಪಿಸಿನ್‌ನಿಂದ ಪರಿಣಾಮ ಕುಗ್ಗದ ಡಿಎಂಪಿಎ ಕಡೆಗೆ ಉತ್ತರ ಸರಿಯುತ್ತದೆ.